ಗೋಡೆಯಲ್ಲೇ ಹುಟ್ಟುವ ಶಾಖ: ಒಳಗಿನಿಂದ ತಣಿಯುವ ಕೊಳವೆಯ ತಾಪಮಾನವನ್ನು ಕಂಡುಹಿಡಿಯುವ ಬಗೆ

ಒಂದು ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ಎರಡೂ ತುದಿಗಳಿಗೆ ದಪ್ಪನೆಯ ತಾಮ್ರದ ಪಟ್ಟಿಗಳನ್ನು ಬಿಗಿದು, ಕೊಳವೆಯ ಲೋಹದ ಮೂಲಕವೇ ನೂರಾರು ಆಂಪಿಯರ್ ವಿದ್ಯುತ್ತನ್ನು ಹರಿಸಲಾಗುತ್ತಿದೆ. ಕೊಳವೆಯ ಒಳಗೆ ನೀರು ವೇಗವಾಗಿ ಹರಿಯುತ್ತಿದೆ. ಹೊರಮೈಗೆ ದಪ್ಪವಾಗಿ ಉಷ್ಣನಿರೋಧಕವನ್ನು ಸುತ್ತಲಾಗಿದೆ. ಕಾಯಿಸುವ ತಂತಿಯನ್ನು ಇಲ್ಲಿ ಬೇರೆಯಾಗಿ ಸುತ್ತಿಲ್ಲ. ಕೊಳವೆಯೇ ಹೀಟರ್, ಕೊಳವೆಯೇ ಪಾತ್ರೆ. ಹರಿಯುವ ದ್ರವಕ್ಕೆ ಗೋಡೆಯಿಂದ ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ಬಳಸುವ ಏರ್ಪಾಡು ಇದು.

ಅಳೆಯಬೇಕಾದದ್ದು ಒಳಮೈಯ ತಾಪಮಾನ, ಏಕೆಂದರೆ ನೀರನ್ನು ಮುಟ್ಟುತ್ತಿರುವುದು ಒಳಮೈ. ಆದರೆ ಥರ್ಮೋಕಪಲನ್ನು ಒಳಮೈಗೆ ಅಂಟಿಸಿದರೆ ಅದು ನೀರಿನ ಹರಿವಿಗೇ ಅಡ್ಡ ಬರುತ್ತದೆ. ನಾವು ಅಳೆಯಹೊರಟ ಸಂಗತಿಯೇ ಬದಲಾಗಿಬಿಡುತ್ತದೆ. ಆದ್ದರಿಂದ ಥರ್ಮೋಕಪಲನ್ನು ಹೊರಮೈಯಲ್ಲಿಟ್ಟು, ಅಲ್ಲಿ ಕಂಡ ಅಂಕಿಯಿಂದ ಒಳಮೈಯ ತಾಪಮಾನವನ್ನು ಲೆಕ್ಕ ಹಾಕುತ್ತೇವೆ. ಗೋಡೆಯ ದಪ್ಪ ಕೇವಲ ಎರಡು ಮಿಲಿಮೀಟರ್ ಇರಬಹುದು. ಆ ಎರಡು ಮಿಲಿಮೀಟರಿನೊಳಗೆ ತಾಪಮಾನ ಹೇಗೆ ಇಳಿಯುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ಸಮೀಕರಣವನ್ನು ಮರೆತು ಶಾಖದ ದಾರಿಯನ್ನು ಹಿಂಬಾಲಿಸೋಣ. ಲೋಹದ ಪ್ರತಿಯೊಂದು ಕಣದಲ್ಲೂ ವಿದ್ಯುತ್ತು ಶಾಖವನ್ನು ಹುಟ್ಟಿಸುತ್ತಿದೆ. ಒಂದು ಘನ ಮೀಟರಿಗೆ ಸೆಕೆಂಡಿಗೆ ಹುಟ್ಟುವ ಶಾಖವನ್ನು g ಎಂದು ಕರೆಯೋಣ. ಅದು ಎಲ್ಲೆಡೆ ಒಂದೇ ಎಂದು ಸದ್ಯಕ್ಕೆ ಒಪ್ಪಿಕೊಳ್ಳೋಣ, ಆ ಒಪ್ಪಿಗೆ ಎಷ್ಟು ಸರಿ ಎಂಬುದನ್ನು ಆಮೇಲೆ ನೋಡೋಣ. ಒಳಗಿನ ತ್ರಿಜ್ಯ r1, ಹೊರಗಿನದು r2. ಹೊರಮೈ ಮುಚ್ಚಿದೆ, ಶಾಖಕ್ಕೆ ಅತ್ತ ದಾರಿಯಿಲ್ಲ. ಹಾಗಾದರೆ ಗೋಡೆಯ ನಡುವೆ ಎಲ್ಲೋ ಒಂದು ತ್ರಿಜ್ಯ r ಅನ್ನು ಆರಿಸಿಕೊಂಡು, ಅಲ್ಲಿ ನಿಂತು ನೋಡಿ: ನಿಮ್ಮ ಬೆನ್ನ ಹಿಂದೆ, ಅಂದರೆ r ನಿಂದ r2 ವರೆಗೆ, ಹುಟ್ಟಿದ ಅಷ್ಟೂ ಶಾಖ ನಿಮ್ಮನ್ನು ದಾಟಿಯೇ ಒಳಗೆ ಹೋಗಬೇಕು. ನಿಮ್ಮ ಮುಂದೆ, r1 ಕಡೆಗೆ, ಹುಟ್ಟಿದ ಶಾಖಕ್ಕೂ ನಿಮಗೂ ಸಂಬಂಧವಿಲ್ಲ. ಒಂದು ಮೀಟರ್ ಉದ್ದದ ಕೊಳವೆಗೆ ಇದನ್ನೇ ಬರೆದರೆ ಹೀಗಾಗುತ್ತದೆ:

```
k (dT/dr) · 2πr = g · π (r2² − r²)
```

ಎಡಗಡೆ ಇರುವುದು r ಎಂಬ ಮೈಯನ್ನು ದಾಟಿ ಒಳಕ್ಕೆ ಸಾಗುವ ಶಾಖ; k ಎಂಬುದು ಲೋಹದ ಉಷ್ಣವಾಹಕತೆ. ಬಲಗಡೆ ಇರುವುದು ಆ ಮೈಯ ಆಚೆ ಹುಟ್ಟಿದ ಶಾಖ. ಹೊರಕ್ಕೆ ಹೋದಂತೆ ತಾಪಮಾನ ಏರುತ್ತದೆ, ಹಾಗಾಗಿ dT/dr ಧನಾತ್ಮಕ. ಶಾಖ ಏರಿನಿಂದ ಇಳಿಜಾರಿಗೆ, ಅಂದರೆ ಒಳಕ್ಕೆ ಸಾಗುತ್ತದೆ. ಇದನ್ನು r1 ನಿಂದ r ವರೆಗೆ ಅನುಕಲನ ಮಾಡಿದರೆ ನಮಗೆ ಬೇಕಾದದ್ದು ಸಿಕ್ಕಿತು:

```
T(r) = T1 + (g / 2k) [ r2² ln(r/r1) − (r² − r1²)/2 ]
```

ಇಲ್ಲಿ T1 ಒಳಮೈಯ ತಾಪಮಾನ. r ಬದಲಿಗೆ r2 ಇಟ್ಟರೆ ಹೊರಮೈಗೂ ಒಳಮೈಗೂ ಇರುವ ವ್ಯತ್ಯಾಸ ನೇರವಾಗಿ ಬರುತ್ತದೆ.

ಪಠ್ಯದ ದಾರಿಯಲ್ಲಿ ಹೋಗುವವರು ಸಿಲಿಂಡರಿನ ಅವಕಲ ಸಮೀಕರಣದಿಂದ ಶುರುಮಾಡುತ್ತಾರೆ, ಎರಡು ಸಲ ಅನುಕಲನ ಮಾಡುತ್ತಾರೆ, C1 ಮತ್ತು C2 ಎಂಬ ಎರಡು ಸ್ಥಿರಾಂಕಗಳನ್ನು ಪಡೆಯುತ್ತಾರೆ:

```
T(r) = − g r² / 4k + C1 ln r + C2
```

ಉತ್ತರ ಒಂದೇ. ಆದರೆ ಈ ದಾರಿಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುವುದನ್ನು ನಾನು ಉತ್ತರ ಪತ್ರಿಕೆಗಳಲ್ಲಿ ಕಂಡಿದ್ದೇನೆ, ಅದನ್ನು ಇಲ್ಲಿ ಹೇಳಲೇಬೇಕು. ಟೊಳ್ಳಿಲ್ಲದ ಗಟ್ಟಿ ಸರಳಿನ ಲೆಕ್ಕವನ್ನು ಮೊದಲು ಕಲಿತವರು C1 ಅನ್ನು ಸೊನ್ನೆ ಎಂದು ಬರೆದುಬಿಡುತ್ತಾರೆ. ಗಟ್ಟಿ ಸರಳಿನಲ್ಲಿ ಅದು ಸರಿ: ಅಲ್ಲಿ r = 0 ಎಂಬ ಬಿಂದು ಲೋಹದೊಳಗೇ ಇದೆ, ಅಲ್ಲಿ ln r ಮಿತಿಯಿಲ್ಲದೆ ಇಳಿಯುತ್ತದೆ, ಆದ್ದರಿಂದ ಆ ಪದ ಉಳಿಯುವಂತಿಲ್ಲ. ಕೊಳವೆಯಲ್ಲಿ r = 0 ಇರುವುದು ನೀರಿನ ನಡುವೆ; ಲೋಹದ ಸಮೀಕರಣಕ್ಕೆ ಅಲ್ಲಿ ಮಾತನಾಡುವ ಹಕ್ಕಿಲ್ಲ. ಇಲ್ಲಿ C1 ಅನ್ನು ನಿರ್ಧರಿಸುವುದು ಹೊರಮೈ. ಅಲ್ಲಿ ಶಾಖ ದಾಟುವುದಿಲ್ಲ, ಅಂದರೆ dT/dr ಸೊನ್ನೆ; ಅದರಿಂದ C1 = g r2² / 2k. ತಪ್ಪು ನಡೆದಿದೆಯೇ ಎಂದು ತಿಳಿಯುವುದು ಸುಲಭ. C1 ಅನ್ನು ಸೊನ್ನೆ ಮಾಡಿದರೆ ಇಳಿಜಾರು ಎಲ್ಲೆಡೆ ಋಣಾತ್ಮಕವಾಗುತ್ತದೆ, ತಣ್ಣೀರಿನ ಪಕ್ಕದ ಮೈಯೇ ಅತಿ ಬಿಸಿಯಾಗಿ, ನಿರೋಧಕ ಸುತ್ತಿದ ಮೈ ಅತಿ ತಂಪಾಗಿ ತೋರುತ್ತದೆ. ಉತ್ತರವನ್ನು ಬರೆದ ಮೇಲೆ ಎರಡೂ ಅಂಚುಗಳಲ್ಲಿ ಇಳಿಜಾರಿನ ದಿಕ್ಕನ್ನು ಒಮ್ಮೆ ನೋಡಿದರೆ ಸಾಕು, ಈ ತಪ್ಪು ಅಡಗಿ ಕೂರಲಾರದು.

ಈಗ ಅಂಕಿಗಳಿಗೆ ಬರೋಣ. ಕೊಳವೆಯ ಒಳವ್ಯಾಸ 10 ಮಿಲಿಮೀಟರ್, ಹೊರವ್ಯಾಸ 14 ಮಿಲಿಮೀಟರ್; ಅಂದರೆ r1 = 5, r2 = 7 ಮಿಲಿಮೀಟರ್. ಹರಿಯುವ ವಿದ್ಯುತ್ತು 500 ಆಂಪಿಯರ್. ಈ ಉಕ್ಕಿನ ರೋಧಶೀಲತೆಯನ್ನು 7.2 × 10⁻⁷ ಓಮ್-ಮೀಟರ್ ಎಂದೂ, ಉಷ್ಣವಾಹಕತೆಯನ್ನು ಮೀಟರಿಗೆ, ಡಿಗ್ರಿಗೆ 16 ವಾಟ್ ಎಂದೂ ಇಟ್ಟುಕೊಳ್ಳೋಣ. ಲೋಹದ ಅಡ್ಡಕೊಯ್ತದ ವಿಸ್ತೀರ್ಣ 75.4 ಚದರ ಮಿಲಿಮೀಟರ್. ಅದರಿಂದ ಒಂದು ಮೀಟರ್ ಉದ್ದದ ರೋಧ 0.00955 ಓಮ್, ಅಲ್ಲಿ ಹುಟ್ಟುವ ಶಾಖ 2387 ವಾಟ್. ಅದನ್ನು ಲೋಹದ ಗಾತ್ರದಿಂದ ಭಾಗಿಸಿದರೆ g ಎಂಬುದು ಘನ ಮೀಟರಿಗೆ 3.17 ಕೋಟಿ ವಾಟ್. ಅಂಕಿ ದೊಡ್ಡದೆಂದು ಬೆಚ್ಚಬೇಕಿಲ್ಲ. ಒಂದು ಮೀಟರ್ ಕೊಳವೆಯಲ್ಲಿರುವ ಲೋಹ ಘನ ಮೀಟರಿನ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ.

ಈ 2387 ವಾಟ್ ಪೂರ್ತಿಯಾಗಿ ಒಳಮೈಯ ಮೂಲಕ ನೀರಿಗೆ ಹೋಗಬೇಕು. ಒಂದು ಮೀಟರ್ ಉದ್ದದಲ್ಲಿ ಒಳಮೈಯ ವಿಸ್ತೀರ್ಣ 0.0314 ಚದರ ಮೀಟರ್. ಆದ್ದರಿಂದ ಒಳಮೈಯ ಪ್ರತಿ ಚದರ ಮೀಟರಿನಿಂದ 76,000 ವಾಟ್ ಹೊರಡುತ್ತದೆ. ನೀರು 30 ಡಿಗ್ರಿಯಲ್ಲಿದ್ದು, ಸೆಕೆಂಡಿಗೆ ಸುಮಾರು 2.2 ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಶಾಖ ವರ್ಗಾವಣೆಯ ಗುಣಾಂಕ h ಹತ್ತಿರ ಹತ್ತಿರ 10,000 ಆಗುತ್ತದೆ. ಅಂದರೆ ಮೈಗೂ ನೀರಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 10,000 ವಾಟ್ ದಾಟುತ್ತದೆ. ಹಾಗಾದರೆ ಒಳಮೈ ನೀರಿಗಿಂತ 7.6 ಡಿಗ್ರಿ ಬಿಸಿಯಾಗಿರಬೇಕು: 37.6 ಡಿಗ್ರಿ.

ಇನ್ನು ಗೋಡೆ. ಸೂತ್ರದಲ್ಲಿ ಅಂಕಿಗಳನ್ನು ಇಡೋಣ:

```
g / 2k              = 9.89 × 10⁵
r2² ln(r2/r1)       = 16.49 × 10⁻⁶
(r2² − r1²) / 2     = 12.00 × 10⁻⁶
T2 − T1             = 9.89 × 10⁵ × 4.49 × 10⁻⁶ = 4.4 °C
```

ಹೊರಮೈ ಒಳಮೈಗಿಂತ 4.4 ಡಿಗ್ರಿ ಬಿಸಿ, ಅಂದರೆ ಸುಮಾರು 42.0 ಡಿಗ್ರಿ. ಇಲ್ಲೊಂದು ಎಚ್ಚರಿಕೆ: ಆವರಣದೊಳಗಿನ ಎರಡು ಪದಗಳು ಒಂದಕ್ಕೊಂದು ಹತ್ತಿರವಾಗಿವೆ, ಉತ್ತರ ಬರುವುದು ಅವುಗಳ ವ್ಯತ್ಯಾಸದಿಂದ. ಲಾಗರಿದಮ್ಮಿನ ಬೆಲೆಯನ್ನು ಎರಡು ಅಂಕಿಗಳಿಗೆ ಮೊಟಕು ಮಾಡಿ 0.34 ಎಂದು ತೆಗೆದುಕೊಂಡರೆ, ಒಂದು ಪ್ರತಿಶತದ ಆ ಚಿಕ್ಕ ತಪ್ಪು ಉತ್ತರದಲ್ಲಿ ನಾಲ್ಕು ಪ್ರತಿಶತವಾಗಿ ಬೆಳೆಯುತ್ತದೆ. ಗೋಡೆ ತೆಳುವಾದಷ್ಟೂ ಇದು ಹೆಚ್ಚು ಕಾಡುತ್ತದೆ.

ಗೋಡೆಯ ಒಳಗೆ ತಾಪಮಾನ ಹೇಗೆ ಹಂಚಿಕೊಂಡಿದೆ ನೋಡಿ. ಒಳಮೈಯಿಂದ ಅರ್ಧ ಮಿಲಿಮೀಟರ್ ಹೊರಕ್ಕೆ ಬಂದರೆ 2.0 ಡಿಗ್ರಿ ಏರಿರುತ್ತದೆ. ಗೋಡೆಯ ನಟ್ಟನಡುವೆ, 6 ಮಿಲಿಮೀಟರ್ ತ್ರಿಜ್ಯದಲ್ಲಿ, 3.4 ಡಿಗ್ರಿ. ಆರೂವರೆಯಲ್ಲಿ 4.2. ಕೊನೆಯ ಅರ್ಧ ಮಿಲಿಮೀಟರಿಗೆ ಉಳಿದದ್ದು ಕಾಲು ಡಿಗ್ರಿ ಮಾತ್ರ. ಒಟ್ಟು ಏರಿಕೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಒಳಗಿನ ಅರ್ಧ ಗೋಡೆಯಲ್ಲೇ ಮುಗಿದುಹೋಗುತ್ತದೆ. ಕಾರಣ ಮೊದಲೇ ಹೇಳಿದ್ದೇ: ಹೊರ ಅಂಚಿನ ಹತ್ತಿರ ದಾಟಬೇಕಾದ ಶಾಖ ಬಹಳ ಕಡಿಮೆ, ಒಳಕ್ಕೆ ಬಂದಂತೆ ದಾರಿಯುದ್ದಕ್ಕೂ ಹುಟ್ಟಿದ್ದೆಲ್ಲ ಸೇರಿಕೊಳ್ಳುತ್ತದೆ, ಅದರ ಜೊತೆಗೆ ದಾಟುವ ಮೈಯೂ ಕಿರಿದಾಗುತ್ತ ಬರುತ್ತದೆ. ಎರಡೂ ಸೇರಿ ಒಳ ಅಂಚಿನಲ್ಲಿ ಇಳಿಜಾರನ್ನು ಕಡಿದಾಗಿಸುತ್ತವೆ. ಒಳಮೈಯಲ್ಲಿ ಅದು ಮಿಲಿಮೀಟರಿಗೆ 4.75 ಡಿಗ್ರಿ, ಅದನ್ನು k ನಿಂದ ಗುಣಿಸಿದರೆ ಮತ್ತೆ ಅದೇ 76,000 ಬರುತ್ತದೆ. ಹಾಗೆ ಬರಲೇಬೇಕು, ಬರದಿದ್ದರೆ ಎಲ್ಲೋ ಕೈ ತಪ್ಪಿದೆ.

ಇದೇ ಮಾತನ್ನು ಸ್ವಲ್ಪ ಎಳೆದು ನೋಡೋಣ, ಏಕೆಂದರೆ ಕೊಳವೆಯ ಸ್ವಭಾವ ಇಲ್ಲಿ ಚೆನ್ನಾಗಿ ಕಾಣುತ್ತದೆ. ಹೊರವ್ಯಾಸವನ್ನೂ g ಅನ್ನೂ ಹಾಗೇ ಇಟ್ಟುಕೊಂಡು ಒಳಗಿನ ರಂಧ್ರವನ್ನು ಕಿರಿದು ಮಾಡುತ್ತ ಹೋದರೆ T2 − T1 ಏರುತ್ತ ಹೋಗುತ್ತದೆ, ರಂಧ್ರ ಸೊನ್ನೆಗೆ ಹತ್ತಿರವಾದಂತೆ ಅದಕ್ಕೆ ಮಿತಿಯೇ ಇರುವುದಿಲ್ಲ. ಗಟ್ಟಿ ಸರಳಿನ ಸೂತ್ರ ಇದರಿಂದ ಹೊರಬೀಳುವುದಿಲ್ಲ, ಬೀಳಬಾರದು ಕೂಡ. ಗಟ್ಟಿ ಸರಳು ತಣಿಯುವುದು ವಿಶಾಲವಾದ ಹೊರಮೈಯಿಂದ, ನಮ್ಮ ಕೊಳವೆ ತಣಿಯುವುದು ಕುಗ್ಗುತ್ತಿರುವ ಒಳಮೈಯಿಂದ. ಅಷ್ಟೂ ಶಾಖವನ್ನು ಸೂಜಿಯಷ್ಟು ಕಿರಿದಾದ ರಂಧ್ರದ ಮೂಲಕ ಹೊರತೆಗೆಯಬೇಕೆಂದರೆ ಇಳಿಜಾರು ಕಡಿದಾಗದೆ ಬೇರೆ ದಾರಿಯಿಲ್ಲ.

ಈ 4.4 ಡಿಗ್ರಿಗೆ ಇಷ್ಟು ಗಮನ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಪ್ರಯೋಗ ಮಾಡುವವರ ಜಾಗದಲ್ಲಿ ನಿಂತು ನೋಡೋಣ. ಅವರಿಗೆ ಗೊತ್ತಿರುವುದು ಹೊರಮೈಯ 42.0 ಡಿಗ್ರಿ ಮತ್ತು ನೀರಿನ 30 ಡಿಗ್ರಿ. ತೆಳುಗೋಡೆ ತಾನೇ ಎಂದು ಗೋಡೆಯ ಇಳಿತವನ್ನು ಬಿಟ್ಟುಬಿಟ್ಟರೆ, 76,000 ಅನ್ನು 12.0 ಇಂದ ಭಾಗಿಸಿ, h ಎಂಬುದು 6,300 ಎಂದು ಬರೆದುಕೊಳ್ಳುತ್ತಾರೆ. ನಿಜವಾದದ್ದು 10,000. ಅಳತೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಣೆಯಾಗಿದೆ, ಅದೂ ಉಪಕರಣದಲ್ಲಿ ಯಾವ ದೋಷವೂ ಇಲ್ಲದೆ.

ಇದಕ್ಕಿಂತ ಹೆಚ್ಚು ಮೋಸಗೊಳಿಸುವ ತಪ್ಪು ಇನ್ನೊಂದಿದೆ. ಎಚ್ಚರವಿರುವ ವಿದ್ಯಾರ್ಥಿ ಗೋಡೆಯ ಇಳಿತವನ್ನು ಮರೆಯುವುದಿಲ್ಲ, ಆದರೆ ಕೈಗೆ ಸಿಗುವ ಪರಿಚಿತ ಸೂತ್ರವನ್ನು ಬಳಸುತ್ತಾನೆ: ಒಂದು ಮೀಟರಿನ ಶಾಖವನ್ನು 2πk ಇಂದ ಭಾಗಿಸಿ ln(r2/r1) ಇಂದ ಗುಣಿಸುವುದು. ಉತ್ತರ 8.0 ಡಿಗ್ರಿ. ಆ ಸೂತ್ರ ಸುಳ್ಳಲ್ಲ. ಶಾಖ ಹೊರಗಿನಿಂದ ಬಂದು ಇಡೀ ಗೋಡೆಯನ್ನು ದಾಟುವಾಗ, ಉದಾಹರಣೆಗೆ ಹೊರಮೈಯ ಮೇಲೆ ಹೀಟರ್ ತಂತಿಯನ್ನು ಸುತ್ತಿದ್ದಾಗ, ಅದೇ ಸರಿ. ಇಲ್ಲಿ ಶಾಖ ಹೊರಗಿನಿಂದ ಬಂದಿಲ್ಲ. ಒಳಮೈಯ ಪಕ್ಕದಲ್ಲಿ ಹುಟ್ಟಿದ ಶಾಖಕ್ಕೆ ದಾಟಬೇಕಾದ ದೂರವೇ ಇಲ್ಲ, ಹೊರಮೈಯ ಬಳಿ ಹುಟ್ಟಿದ್ದಕ್ಕೆ ಗೋಡೆಯ ಪೂರ್ತಿ ದೂರ. ಸರಾಸರಿಯಲ್ಲಿ ಶಾಖ ದಾಟುವುದು ಅರ್ಧಕ್ಕಿಂತ ತುಸು ಹೆಚ್ಚು ದಪ್ಪವನ್ನು ಮಾತ್ರ. ಅರ್ಧಕ್ಕಿಂತ ತುಸು ಹೆಚ್ಚು ಏಕೆಂದರೆ, ದುಂಡಗಿನ ಗೋಡೆಯಲ್ಲಿ ಹೊರ ಅರ್ಧದಲ್ಲಿ ಲೋಹ ಹೆಚ್ಚು. 4.4 ಎಂಬುದು 8.0 ರ ಅರ್ಧಕ್ಕಿಂತ ತುಸು ಹೆಚ್ಚಾಗಿರುವುದನ್ನು ಗಮನಿಸಿ. 8.0 ಅನ್ನು ಕಳೆದರೆ ಒಳಮೈಗೂ ನೀರಿಗೂ ಉಳಿಯುವುದು 4 ಡಿಗ್ರಿ, h ಎಂಬುದು 19,000 ದ ಹತ್ತಿರ. ಬಿಟ್ಟವನ ಉತ್ತರ 6,300, ತಪ್ಪು ಸೂತ್ರದವನ ಉತ್ತರ ನಿಜದ ಎರಡು ಪಟ್ಟು. ಇಬ್ಬರೂ ನೋಡಿದ್ದು ಒಂದೇ ಥರ್ಮೋಕಪಲನ್ನು.

ಕೈಲೆಕ್ಕಕ್ಕೆ ಒಂದು ಚಿಕ್ಕ ದಾರಿಯನ್ನೂ ಕೊಡುತ್ತೇನೆ. ಗೋಡೆಯನ್ನು ಬಿಡಿಸಿ ಚಪ್ಪಟೆ ಹಲಗೆಯಂತೆ ಹಾಸಿದರೆ ಇಳಿತ g δ² / 2k ಆಗುತ್ತದೆ. ಇಲ್ಲಿ δ ಎಂಬುದು ಗೋಡೆಯ ದಪ್ಪ. ನಮ್ಮ ಕೊಳವೆಗೆ ಇದು 3.96 ಡಿಗ್ರಿ, ನಿಜಕ್ಕಿಂತ ಹತ್ತರಲ್ಲೊಂದು ಭಾಗ ಕಡಿಮೆ. ದುಂಡುತನದ ಮೊದಲ ತಿದ್ದುಪಡಿಯನ್ನು ಸೇರಿಸಿ, ಅಂದರೆ (1 + δ/3r1) ಇಂದ ಗುಣಿಸಿದರೆ, 4.49 ಬರುತ್ತದೆ; ನಿಜವಾದ 4.44 ಕ್ಕೆ ಒಂದು ಪ್ರತಿಶತದಷ್ಟು ಹತ್ತಿರ. ಲಾಗರಿದಮ್ ಪದಗಳ ವ್ಯತ್ಯಾಸದ ಕಾಟವೂ ಇಲ್ಲಿಲ್ಲ. ಪೂರ್ತಿ ಸೂತ್ರದಿಂದ ಬಂದ ಅಂಕಿಯನ್ನು ನಾನು ಯಾವಾಗಲೂ ಇದರ ಪಕ್ಕದಲ್ಲಿಟ್ಟು ನೋಡುತ್ತೇನೆ.

ಇನ್ನು, ಆಗಲೇ ಮುಂದಕ್ಕೆ ಹಾಕಿದ ಪ್ರಶ್ನೆ: g ನಿಜಕ್ಕೂ ಎಲ್ಲೆಡೆ ಒಂದೇ ಆಗಿದೆಯೇ? ವಿದ್ಯುತ್ತು ಕೊಳವೆಯ ಉದ್ದಕ್ಕೆ ಹರಿಯುತ್ತದೆ, ಅಡ್ಡಕೊಯ್ತದ ಎಲ್ಲ ಬಿಂದುಗಳಿಗೂ ಮೀಟರಿಗೆ ಒಂದೇ ವೋಲ್ಟೇಜ್ ಸಿಗುತ್ತದೆ. ಹಾಗಾಗಿ g ಬದಲಾಗುವುದು ರೋಧಶೀಲತೆ ಬದಲಾದರೆ ಮಾತ್ರ. ಈ ಉಕ್ಕಿನ ರೋಧಶೀಲತೆ ಒಂದು ಡಿಗ್ರಿಗೆ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಏರುತ್ತದೆ, 4.4 ಡಿಗ್ರಿಗೆ ಅರ್ಧ ಪ್ರತಿಶತಕ್ಕೂ ಕಡಿಮೆ. ಧಾರಾಳವಾಗಿ ಬಿಡಬಹುದು. ವಿದ್ಯುತ್ತು ಪರ್ಯಾಯ ಪ್ರವಾಹವಾಗಿದ್ದರೆ ಅದು ಹೊರಮೈಯ ಕಡೆಗೆ ಸರಿದುಕೊಳ್ಳುವುದಿಲ್ಲವೇ ಎಂದು ವಿದ್ಯುತ್ ಓದಿದವರು ಕೇಳುತ್ತಾರೆ, ಕೇಳಬೇಕಾದದ್ದೇ. ಸೆಕೆಂಡಿಗೆ 50 ಆವರ್ತಗಳಿಗೆ, ಅಯಸ್ಕಾಂತಕ್ಕೆ ಅಂಟದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ, ಪ್ರವಾಹ ಇಳಿಯುವ ಆಳ 60 ಮಿಲಿಮೀಟರ್. ನಮ್ಮ ಗೋಡೆ ಎರಡೇ ಮಿಲಿಮೀಟರ್. ಭಯವಿಲ್ಲ. ಆದರೆ ಅದೇ ಕೊಳವೆಯನ್ನು ಅಯಸ್ಕಾಂತಕ್ಕೆ ಅಂಟುವ ಸಾಮಾನ್ಯ ಉಕ್ಕಿನಲ್ಲಿ ಮಾಡಿದರೆ ಆ ಆಳ ಒಂದೆರಡು ಮಿಲಿಮೀಟರಿಗೆ ಇಳಿಯಬಹುದು. ಆಗ ಶಾಖ ಎಲ್ಲೆಡೆ ಸಮನಾಗಿ ಹುಟ್ಟುತ್ತದೆ ಎಂಬ ನಮ್ಮ ತಳಹದಿಯೇ ಕುಸಿಯುತ್ತದೆ, ಈ ಸೂತ್ರವನ್ನು ಅಲ್ಲಿ ಬಳಸುವಂತಿಲ್ಲ.

ನಿಜವಾದ ಅನಿಶ್ಚಿತತೆ ಇರುವುದು k ನಲ್ಲಿ. ಇದೇ ಬಗೆಯ ಉಕ್ಕಿಗೆ ಕೋಣೆಯ ತಾಪಮಾನದಲ್ಲಿ ಅದು 15 ರ ಹತ್ತಿರ, 127 ಡಿಗ್ರಿಯಲ್ಲಿ 16.6. ನಾನು 16 ಎಂದು ಇಟ್ಟುಕೊಂಡದ್ದು ದುಂಡಗಿನ ಅಂಕಿ. 14.9 ಅನ್ನು ಇಟ್ಟಿದ್ದರೆ ಗೋಡೆಯ ಇಳಿತ 4.8 ಡಿಗ್ರಿಯಾಗುತ್ತಿತ್ತು, ಅದೇ ಥರ್ಮೋಕಪಲ್ ಅಂಕಿಯಿಂದ h ನಾಲ್ಕೈದು ಪ್ರತಿಶತ ಹೆಚ್ಚಾಗಿ ಬರುತ್ತಿತ್ತು. ಆದ್ದರಿಂದ k ಅನ್ನು ಗೋಡೆಯ ಸರಾಸರಿ ತಾಪಮಾನಕ್ಕೆ ಆರಿಸಿಕೊಳ್ಳಬೇಕು. ಅದಕ್ಕೂ ಮೇಲೆ, ಗೋಡೆಯ ಇಳಿತವನ್ನೇ ಚಿಕ್ಕದಾಗಿಸುವುದು ಉತ್ತಮ. ಇಳಿತ ದಪ್ಪದ ವರ್ಗದಂತೆ ಬೆಳೆಯುತ್ತದೆ ಎಂಬುದನ್ನು ಈಗ ನೋಡಿದ್ದೇವೆ. ನೀರಿಗೆ ಹೋಗುವ ಶಾಖವನ್ನು ಹಾಗೇ ಉಳಿಸಿಕೊಂಡು ಗೋಡೆಯನ್ನು ಒಂದು ಮಿಲಿಮೀಟರಿಗೆ ಇಳಿಸಿದರೆ g ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ, δ² ನಾಲ್ಕನೇ ಒಂದಾಗುತ್ತದೆ. ಇಳಿತ ಸರಿಸುಮಾರು ಅರ್ಧವಾಗುತ್ತದೆ, ಅದರೊಡನೆ k ನ ಅನುಮಾನದ ತೂಕವೂ ಅರ್ಧವಾಗುತ್ತದೆ.

ಸೂತ್ರ ಎಷ್ಟೇ ಸರಿಯಿದ್ದರೂ T2 ತಪ್ಪಾಗಿದ್ದರೆ ಪ್ರಯೋಜನವಿಲ್ಲ. ನನ್ನ ವಿದ್ಯಾರ್ಥಿಗಳ ಜೊತೆ ಇಂಥದೇ ಏರ್ಪಾಡಿನ ಮುಂದೆ ಕುಳಿತಿದ್ದಾಗ ನಡೆದ ಒಂದು ಸಂಗತಿಯಿಂದ ನಾನು ಇದನ್ನು ಕಲಿತೆ. ನೇರ ಪ್ರವಾಹದಿಂದ ಕಾಯುತ್ತಿದ್ದ ಕೊಳವೆಯ ಮೇಲೆ ಥರ್ಮೋಕಪಲಿನ ಎರಡು ತಂತಿಗಳನ್ನು ನೇರವಾಗಿ ಬೆಸೆಯಲಾಗಿತ್ತು. ಪಕ್ಕಪಕ್ಕದ ಥರ್ಮೋಕಪಲ್‌ಗಳು ಒಂದಕ್ಕೊಂದು ತಾಳೆಯಾಗದ ಅಂಕಿಗಳನ್ನು ತೋರಿಸುತ್ತಿದ್ದವು, ಒಂದಂತೂ ನೀರಿನ ತಾಪಮಾನವನ್ನೇ ತೋರಿಸುತ್ತಿತ್ತು. ನಿರೋಧಕ ಸುತ್ತಿದ ಹೊರಮೈ ನೀರಿನಷ್ಟೇ ತಂಪಾಗಿರಲು ಸಾಧ್ಯವಿಲ್ಲ. ದೋಷ ಶಾಖದ್ದಾಗಿರಲಿಲ್ಲ, ವಿದ್ಯುತ್ತಿನದಾಗಿತ್ತು.

ನಮ್ಮ ಉದಾಹರಣೆಯ ಅಂಕಿಗಳಿಂದಲೇ ಇದನ್ನು ಬಿಡಿಸಿ ನೋಡಬಹುದು. ಕೊಳವೆಯ ಉದ್ದಕ್ಕೆ ಮೀಟರಿಗೆ 4.77 ವೋಲ್ಟ್ ಇಳಿಯುತ್ತಿದೆ. ಥರ್ಮೋಕಪಲಿನ ಎರಡು ತಂತಿಗಳು ಕೊಳವೆಯನ್ನು ಮುಟ್ಟುವ ಬಿಂದುಗಳ ನಡುವೆ, ಕೊಳವೆಯ ಉದ್ದದ ದಿಕ್ಕಿನಲ್ಲಿ, ಮಿಲಿಮೀಟರಿನ ಹತ್ತನೇ ಒಂದು ಭಾಗ ಅಂತರವಿದೆ ಎನ್ನಿ. ಬರಿಗಣ್ಣಿಗೆ ಅದು ಒಂದೇ ಬಿಂದು. ಆದರೆ ಅಷ್ಟರಲ್ಲೇ 0.48 ಮಿಲಿವೋಲ್ಟ್ ಸೇರಿಕೊಳ್ಳುತ್ತದೆ. ಕೆ ಬಗೆಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದೇ 0.041 ಮಿಲಿವೋಲ್ಟ್. ಅಂದರೆ ತಪ್ಪು ಹನ್ನೊಂದೂವರೆ ಡಿಗ್ರಿಗಿಂತ ಹೆಚ್ಚು. ತಂತಿಗಳು ಯಾವ ಕ್ರಮದಲ್ಲಿ ಕೂತಿವೆ ಎಂಬುದರ ಮೇಲೆ 42 ಎಂಬುದು 53 ಕ್ಕೂ ಮೇಲೆ ಕಾಣಬಹುದು, ಅಥವಾ 30 ರ ಹತ್ತಿರ ಕಾಣಬಹುದು.

ಇದನ್ನು ಗುರುತಿಸುವ ಬಗೆ ನೇರವಾಗಿದೆ. ಕೊಳವೆಗೆ ಹೋಗುವ ವಿದ್ಯುತ್ತಿನ ದಿಕ್ಕನ್ನು ಬದಲಿಸಿ, ಪ್ರಮಾಣವನ್ನು ಹಾಗೇ ಇಡಿ. ಶಾಖ ಹುಟ್ಟುವುದು ಪ್ರವಾಹದ ವರ್ಗದಂತೆ, ಅದಕ್ಕೆ ದಿಕ್ಕಿನ ಹಂಗಿಲ್ಲ; ಗೋಡೆಯ ತಾಪಮಾನ ಕದಲುವುದಿಲ್ಲ. ಸೇರಿಕೊಂಡ ವೋಲ್ಟೇಜ್ ಮಾತ್ರ ಚಿಹ್ನೆ ಬದಲಿಸುತ್ತದೆ. ಅಂಕಿ ಬದಲಾದರೆ ದೋಷವಿದೆ ಎಂದು ತಿಳಿಯಿರಿ, ಎರಡು ಅಂಕಿಗಳ ಸರಾಸರಿಯನ್ನು ನಿಜವೆಂದು ತೆಗೆದುಕೊಳ್ಳಿ. ವಿದ್ಯುತ್ತನ್ನು ಒಂದು ಕ್ಷಣ ನಿಲ್ಲಿಸಿ ಓದಿದರಾಗದೇ ಎಂದರೆ, ಈ ಕೊಳವೆಯಲ್ಲಿ ಆಗದು. ಗೋಡೆಯಲ್ಲಿ ಕೂಡಿಟ್ಟ ಶಾಖ ನೀರಿಗೆ ಹರಿದುಹೋಗಲು ಬೇಕಾದದ್ದು ಸೆಕೆಂಡಿನ ಲೆಕ್ಕ. ಒಂದೇ ಸೆಕೆಂಡಿನಲ್ಲಿ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ. ಥರ್ಮೋಕಪಲ್ ಮತ್ತು ಕೊಳವೆಯ ನಡುವೆ ತೆಳುವಾದ ಅಭ್ರಕದ ಹಾಳೆಯನ್ನಿಟ್ಟರೆ ವೋಲ್ಟೇಜ್ ಸೇರುವುದು ತಪ್ಪುತ್ತದೆ. ಹೊರಗೆ ಶಾಖ ಹರಿಯದಂತೆ ನಿರೋಧಕ ಚೆನ್ನಾಗಿ ಮುಚ್ಚಿದ್ದರೆ ಹಾಳೆಯ ಎರಡೂ ಬದಿಯ ತಾಪಮಾನ ಒಂದೇ ಇರುತ್ತದೆ.

ಆ ನಿರೋಧಕ ಪರಿಪೂರ್ಣವಾಗಿರುವುದಿಲ್ಲ, ಒಪ್ಪುತ್ತೇನೆ. ಹೊರಮೈಯಿಂದ ಚದರ ಮೀಟರಿಗೆ 200 ವಾಟ್ ಸೋರುತ್ತಿದೆ ಎನ್ನೋಣ. ಆಗ ಅತಿ ಬಿಸಿಯಾದ ಜಾಗ ಹೊರಮೈಯಲ್ಲಿ ಇರುವುದಿಲ್ಲ, ತುಸು ಒಳಕ್ಕೆ ಸರಿಯುತ್ತದೆ:

```
rm² = r2² − 2 r2 q / g
```

ಇಲ್ಲಿ q ಎಂಬುದು ಸೋರಿಕೆ. ಅಂಕಿ ಹಾಕಿದರೆ ಸರಿದ ದೂರ ಮಿಲಿಮೀಟರಿನ ಸಾವಿರದಲ್ಲಿ ಆರು ಭಾಗ, ಗೋಡೆಯ ಇಳಿತದಲ್ಲಿ ಆಗುವ ಬದಲಾವಣೆ ಡಿಗ್ರಿಯ ನೂರರಲ್ಲಿ ಮೂರು ಭಾಗ. ನೀರಿನಿಂದ ತಣಿಯುವ ಕೊಳವೆಗೆ ಇದು ಲೆಕ್ಕಕ್ಕಿಲ್ಲ. ಒಳಗೆ ನೀರಿನ ಬದಲು ಗಾಳಿ ಹರಿಯುತ್ತಿದ್ದು, ಗೋಡೆ ನೂರಾರು ಡಿಗ್ರಿಗೆ ಏರಿದ್ದರೆ ಮಾತು ಬೇರೆ. ಅಲ್ಲಿ g ಚಿಕ್ಕದು, ಸೋರಿಕೆ ದೊಡ್ಡದು. ಹಾಗಿದ್ದಾಗ ಕೊಳವೆಯ ಒಳಗೆ ಏನನ್ನೂ ಹರಿಸದೆ, ಸಣ್ಣ ಪ್ರವಾಹದಿಂದ ಅದನ್ನು ಬೇರೆ ಬೇರೆ ತಾಪಮಾನಗಳಿಗೆ ಕಾಯಿಸಿ ಸ್ಥಿರವಾಗಲು ಬಿಡಬೇಕು. ಆಗ ಕೊಟ್ಟ ವಿದ್ಯುತ್ ಶಕ್ತಿಯೆಲ್ಲ ಸೋರಿಕೆಯೇ. ಗೋಡೆಯ ಪ್ರತಿಯೊಂದು ತಾಪಮಾನಕ್ಕೂ ಸೋರಿಕೆ ಎಷ್ಟೆಂಬ ಪಟ್ಟಿ ಹೀಗೆ ಸಿಗುತ್ತದೆ, ಮುಂದಿನ ಪ್ರಯೋಗಗಳಲ್ಲಿ ಅದನ್ನು ಕಳೆಯಬಹುದು.

ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿ, ನೀರು ಪಡೆದ ಶಾಖದೊಡನೆ ಹೋಲಿಸುವುದು ಎಲ್ಲರೂ ಮಾಡುವ ಪರೀಕ್ಷೆ. ನಮ್ಮ ಕೊಳವೆಯಲ್ಲಿ ನೀರು ಮೀಟರಿಗೆ 3.3 ಡಿಗ್ರಿಯಷ್ಟು ಬಿಸಿಯಾಗಬೇಕು. ಈ ಪರೀಕ್ಷೆ ಅಗತ್ಯವೇ, ಆದರೆ ಇದು ಸೋರಿಕೆಯನ್ನು ಹಿಡಿಯುತ್ತದೆ, ಗೋಡೆಯ ಸೂತ್ರದ ತಪ್ಪನ್ನಾಗಲಿ ಥರ್ಮೋಕಪಲಿನ ತಪ್ಪನ್ನಾಗಲಿ ಹಿಡಿಯುವುದಿಲ್ಲ. ಆ 6,300 ಬರೆದವರ ಶಾಖದ ಲೆಕ್ಕವೂ, 19,000 ಬರೆದವರ ಶಾಖದ ಲೆಕ್ಕವೂ ಚೆನ್ನಾಗಿಯೇ ತಾಳೆಯಾಗಿರುತ್ತದೆ.

ಕೊನೆಯದಾಗಿ ಕೊಳವೆಯ ಬಗ್ಗೆಯೇ ಒಂದು ಮಾತು. ಮಾರುಕಟ್ಟೆಯಿಂದ ತಂದ ಕೊಳವೆಯ ಒಳವೃತ್ತ ಮತ್ತು ಹೊರವೃತ್ತದ ಕೇಂದ್ರಗಳು ಒಂದೇ ಆಗಿರಬೇಕೆಂದಿಲ್ಲ. ಒಂದು ಬದಿಯಲ್ಲಿ ಗೋಡೆ 1.8 ಮಿಲಿಮೀಟರ್, ಎದುರು ಬದಿಯಲ್ಲಿ 2.2 ಇರಬಹುದು. g ಎರಡೂ ಕಡೆ ಒಂದೇ, ಏಕೆಂದರೆ ವೋಲ್ಟೇಜ್ ಒಂದೇ. ಆದರೆ ದಪ್ಪ ಬದಿಯಲ್ಲಿ ಲೋಹ ಹೆಚ್ಚು, ಹಾಗಾಗಿ ಅಲ್ಲಿ ನೀರಿಗೆ ಹೋಗುವ ಶಾಖ ಸುಮಾರು ಹತ್ತು ಪ್ರತಿಶತ ಹೆಚ್ಚು, ಗೋಡೆಯ ಇಳಿತ ಸುಮಾರು ಇಪ್ಪತ್ತು ಪ್ರತಿಶತ ಹೆಚ್ಚು. ತೆಳು ಬದಿಯಲ್ಲಿ ಅಷ್ಟೇ ಕಡಿಮೆ. ಹೊರಮೈಯ ತಾಪಮಾನ ಎರಡು ಬದಿಗಳಲ್ಲಿ ಮೂರು ಡಿಗ್ರಿಗೂ ಹೆಚ್ಚು ಬೇರೆಯಾಗಬಹುದು. ಅದಕ್ಕಾಗಿಯೇ ಒಂದೇ ಅಡ್ಡಕೊಯ್ತದಲ್ಲಿ ಸುತ್ತಲೂ ನಾಲ್ಕು ಥರ್ಮೋಕಪಲ್‌ಗಳನ್ನು ಇಡುವುದು ಒಳ್ಳೆಯದು. ನಾಲ್ಕು ಅಂಕಿಗಳು ಬೇರೆಯಾಗಿ ಕಂಡರೆ ಪ್ರವಾಹದ ದಿಕ್ಕನ್ನು ಬದಲಿಸಿ ನೋಡಿ. ಬದಲಾಗುವ ಭಾಗ ತಂತಿಗಳ ದೋಷ. ದಿಕ್ಕು ಬದಲಿಸಿದರೂ ಹಾಗೇ ಉಳಿಯುವ, ಒಂದು ಬದಿಗೆ ಹೆಚ್ಚಾಗಿ ಎದುರು ಬದಿಗೆ ಕಡಿಮೆಯಾಗುವ ವ್ಯತ್ಯಾಸ ಕೊಳವೆಯದು. ಪ್ರಯೋಗ ಮುಗಿದ ಮೇಲೆ ಕೊಳವೆಯನ್ನು ಆ ಜಾಗದಲ್ಲಿ ಕತ್ತರಿಸಿ, ಸುತ್ತಲೂ ಗೋಡೆಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದರೆ ಅದು ಕಣ್ಣಿಗೇ ಕಾಣುತ್ತದೆ.